ಕಟ್‌ಸೀನ್ ಇಲ್ಲದೆ ಕಥೆ ಹೇಳುವುದು: ಮೂರು ಕೋಣೆ, ಐದು ಬರಹ, ಒಂದು ರಾತ್ರಿ

ಆಟಗಾರರು ಅಣೆಕಟ್ಟಿನ ಮೇಲಿನ ಪಾಳು ಕಟ್ಟಡದೊಳಗೆ ಕಾಲಿಡುತ್ತಾರೆ. ಮೇಜಿನ ಮೇಲೆ ರಿಜಿಸ್ಟರ್ ತೆರೆದೇ ಇದೆ. ರಾತ್ರಿ ಒಂದು ಗಂಟೆಗೆ ನೀರಿನ ಮಟ್ಟ 11.8 ಮೀಟರ್. ಎರಡು ಗಂಟೆಗೂ 11.8. ಮೂರು ಗಂಟೆಗೂ 11.8. ತಲೆಯೆತ್ತಿ ಕಿಟಕಿಯಾಚೆ ನೋಡಿದರೆ, ಗೋಡೆಗೆ ಬಳಿದ ಅಳತೆಪಟ್ಟಿಯಲ್ಲಿ ಕೆಸರಿನ ಗೆರೆ 12.6ರ ಹತ್ತಿರ ಒಣಗಿ ನಿಂತಿದೆ. ಹಿನ್ನೆಲೆಯಲ್ಲಿ ಯಾವ ದನಿಯೂ ಕೇಳಲಿಲ್ಲ, ಕ್ಯಾಮೆರಾವನ್ನು ಆಟಗಾರರ ಕೈಯಿಂದ ಯಾರೂ ಕಸಿದುಕೊಳ್ಳಲಿಲ್ಲ. ಆದರೂ ಆಟಗಾರರಿಗೆ ಹೊಳೆಯುತ್ತದೆ: ಆ ರಾತ್ರಿ ಯಾರೋ ಬೇಕೆಂದೇ ಸುಳ್ಳು ಲೆಕ್ಕ ಬರೆದಿದ್ದಾರೆ.

ವಿಡಿಯೋ ಗೇಮ್‌ನಲ್ಲಿ ಆಟ ನಿಲ್ಲಿಸಿ ಸಿನಿಮಾದಂತೆ ತೋರಿಸುವ ದೃಶ್ಯ, ಅಂದರೆ ಕಟ್‌ಸೀನ್, ಇಲ್ಲದೆ ಕಥೆ ಹೇಳುವ ಬಗ್ಗೆ ನಾನು ಹೇಳಬೇಕೆಂದಿರುವುದು ಇಷ್ಟೇ. ಚೀಟಿ ಹೇಳಿದ್ದನ್ನೇ ಕೋಣೆಯೂ ಹೇಳಿದರೆ ಆಟಗಾರರಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಚೀಟಿ ಒಂದು ಮಾತು ಹೇಳಬೇಕು, ಕೋಣೆ ಇನ್ನೊಂದು ಹೇಳಬೇಕು. ಅವೆರಡರ ನಡುವಿನ ಬಿರುಕಿನಲ್ಲಿ ಕಥೆ ಇರಬೇಕು. ಚೀಟಿ ಎಂದರೆ ಬರೆದವರಿಗೆ ಗೊತ್ತಿದ್ದದ್ದು, ಅಥವಾ ಬೇರೆಯವರು ನಂಬಲಿ ಎಂದು ಅವರು ಬಯಸಿದ್ದು. ಕೋಣೆ ಎಂದರೆ ನಿಜಕ್ಕೂ ನಡೆದದ್ದು. ಈ ಅಣೆಕಟ್ಟಿನ ಕಟ್ಟಡವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಅದನ್ನು ಮೊದಲಿನಿಂದ ಕಟ್ಟುವುದು ಹೇಗೆ ಎಂದು ನೋಡೋಣ.

ಮೊದಲು ಆ ರಾತ್ರಿಯನ್ನು ನಿಮಗಾಗಿ ಬರೆದುಕೊಳ್ಳಿ

ಒಂದೇ ಒಂದು ಪುಟ ಸಾಕು. ಅದನ್ನು ಆಟಗಾರರು ಎಂದೂ ನೋಡುವುದಿಲ್ಲ. ಅದರಲ್ಲಿ ಶೈಲಿ ಬೇಡ, ಗಂಟೆ ಮತ್ತು ಘಟನೆ ಮಾತ್ರ ಇರಲಿ. ನಮ್ಮ ಪುಟ ಹೀಗಿದೆ.

ಕಟ್ಟಡದಲ್ಲಿ ಇಬ್ಬರು ಕಾವಲುಗಾರರು: ನಿವೃತ್ತಿಗೆ ಹತ್ತಿರವಿರುವ ಹಿರಿಯ, ಕೆಲಸಕ್ಕೆ ಹೊಸದಾಗಿ ಸೇರಿದ ಕಿರಿಯಳು. ನೀರು 12 ಮೀಟರ್ ದಾಟಿದರೆ ಯಾರನ್ನೂ ಕೇಳದೆ ನಾಲ್ಕೂ ಗೇಟ್ ಎತ್ತಬೇಕು ಎಂಬುದು ನಿಯಮ. ಹಿರಿಯನ ಮಗಳು ಕೆಳಗಿನ ಊರಿನಲ್ಲಿ, ನದಿ ದಂಡೆಯಲ್ಲೇ ಇದ್ದಾಳೆ. ಬೆಳಗಿನ ಬಸ್ಸಿಗೆ ಹೊರಡುತ್ತೇನೆ ಎಂದಿದ್ದಾಳೆ. ಮಧ್ಯರಾತ್ರಿ ಕಳೆದ ಮೇಲೆ ನೀರು 12 ದಾಟುತ್ತದೆ. ಹಿರಿಯ ರಿಜಿಸ್ಟರಿನಲ್ಲಿ 11.8 ಎಂದೇ ಬರೆಯುತ್ತಾ ಹೋಗುತ್ತಾನೆ, ಗೇಟ್ ಎತ್ತುವ ಚಕ್ರಗಳ ಹಿಡಿಕೆಯನ್ನು ತನ್ನ ಹಾಸಿಗೆಯೊಳಗೆ ಸುತ್ತಿಡುತ್ತಾನೆ. ಕಿರಿಯಳಿಗೆ ಅನುಮಾನ ಬಂದು ಲಾಟೀನು ಹಿಡಿದು ಹೊರಗೆ ಹೋಗಿ ಅಳತೆ ನೋಡುತ್ತಾಳೆ. ಹಿಡಿಕೆ ಹುಡುಕಿ ತೆಗೆದು ಮೂರು ಗೇಟ್ ಒಬ್ಬಳೇ ಎತ್ತುತ್ತಾಳೆ. ನಾಲ್ಕನೆಯದು ಬಿಗಿ, ಒಬ್ಬರಿಂದ ಆಗದು. ಅದನ್ನು ತಿರುಗಿಸಲು ಹಿರಿಯ ಬಂದು ಕೈ ಜೋಡಿಸುತ್ತಾನೆ.

ಈ ಕೊನೆಯ ಸಾಲೇ ನಮ್ಮ ಗುರಿ. ಆಟಗಾರರು ಅದನ್ನು ಎಲ್ಲೂ ಓದಬಾರದು, ತಾವಾಗಿಯೇ ತಲುಪಬೇಕು. ಪುಟ ಬರೆದ ಮೇಲೆ ಹೀಗೆ ಒಂದು ಸಾಲನ್ನು ಆರಿಸಿ ಕೆಳಗೆ ಗೆರೆ ಎಳೆಯಿರಿ. ಗೆರೆ ಎಳೆಯಲು ಯಾವ ಸಾಲೂ ಸಿಗದಿದ್ದರೆ ನಿಮ್ಮ ಹತ್ತಿರ ಇರುವುದು ಘಟನೆಗಳ ಪಟ್ಟಿ ಮಾತ್ರ. ಎಷ್ಟು ಚೀಟಿ ಹರಡಿದರೂ ಅದು ಕಥೆಯಾಗುವುದಿಲ್ಲ.

ಪ್ರತಿ ಘಟನೆಗೂ ಕೇಳಿ: ಇದರಿಂದ ಏನು ಉಳಿಯುತ್ತದೆ?

ಈಗ ಪುಟದ ಒಂದೊಂದು ಸಾಲನ್ನೂ ತೆಗೆದುಕೊಂಡು, ಅದರಿಂದ ಜಗತ್ತಿನಲ್ಲಿ ಯಾವ ಗುರುತು ಉಳಿದೀತು ಎಂದು ಯೋಚಿಸಿ. ಕಾಗದ ಕೊನೆಯ ಆಯ್ಕೆಯಾಗಿರಲಿ. ಮೊದಲು ವಸ್ತು, ಆಮೇಲೆ ಕಲೆ ಅಥವಾ ಸವೆತ, ಅದೂ ಆಗದಿದ್ದರೆ ಬರಹ.

ಹಿಡಿಕೆಯನ್ನು ಬಚ್ಚಿಟ್ಟ ವಿಷಯ ಯಾರೂ ಬರೆದಿಡುವುದಿಲ್ಲ. ಅದು ಗುರುತಾಗಿಯೇ ಬರಬೇಕು. ಚಕ್ರಗಳಿರುವ ಕೋಣೆಯ ಗೋಡೆಯಲ್ಲಿ ಖಾಲಿ ಗೂಟ, ಅದರ ಸುತ್ತ ಧೂಳು ಹಿಡಿದ ಸುಣ್ಣದ ನಡುವೆ ಹಿಡಿಕೆಯ ಆಕಾರದಲ್ಲಿ ಬಿಳಿಯಾಗಿ ಉಳಿದ ಜಾಗ. ಮಲಗುವ ಕೋಣೆಯಲ್ಲಿ ಅರೆ ಬಿಚ್ಚಿದ ಹಾಸಿಗೆ ಸುರುಳಿ, ಅದರ ಒಳಮೈಗೆ ಅದೇ ಆಕಾರದ ಗ್ರೀಸ್ ಕಲೆ. ಒಂದು ಕೋಣೆಯಲ್ಲಿ ಆಕಾರ ನೋಡಿದವರು ಇನ್ನೊಂದು ಕೋಣೆಯಲ್ಲಿ ಅದನ್ನೇ ಕಂಡಾಗ ಮನಸ್ಸಿನಲ್ಲಿ ಎರಡೂ ತಾವಾಗಿಯೇ ಕೂಡಿಕೊಳ್ಳುತ್ತವೆ. ಹಾಗಾಗಿ ಆ ಆಕಾರ ಎದ್ದು ಕಾಣುವಂತಿರಬೇಕು. ಸಾದಾ ಕೋಲಿನಂತಿದ್ದರೆ ಯಾರಿಗೂ ನೆನಪಿರುವುದಿಲ್ಲ. ನಾವು ಎರಡು ಕಡೆ ಬಾಗಿದ, ಸೊನ್ನೆಯಂಥ ತುದಿಯ ಹಿಡಿಕೆ ಮಾಡಿದೆವು.

ಬರಹ ಬೇಕೇ ಬೇಕಾದ ಕಡೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಬರೆದವರು ಯಾರಿಗಾಗಿ ಬರೆದರು? ಬಾಯಲ್ಲಿ ಹೇಳದೆ ಬರೆದದ್ದೇಕೆ? ಬರೆದ ಕಾಗದ ಇಲ್ಲೇ ಉಳಿದದ್ದೇಕೆ? ಈ ಮೂರಕ್ಕೆ ಉತ್ತರವಿಲ್ಲದ ಚೀಟಿ ಆಟಗಾರರಿಗಾಗಿಯೇ ಬರೆದದ್ದು ಎಂದು ಓದಿದ ಕೂಡಲೇ ತಿಳಿದುಹೋಗುತ್ತದೆ. ಬಾಗಿಲು ಒಡೆಯುವ ಸದ್ದು ಕೇಳುತ್ತಿರುವಾಗಲೂ ಕೂತು ಡೈರಿ ಬರೆಯುವ ಪಾತ್ರಗಳನ್ನು ನಾವೆಲ್ಲ ಬೇಕಾದಷ್ಟು ಕಂಡಿದ್ದೇವೆ. 1996ರ ರೆಸಿಡೆಂಟ್ ಈವಿಲ್ ಆಟದಲ್ಲಿ ಸಿಗುವ, ಪ್ರಾಣಿಗಳನ್ನು ನೋಡಿಕೊಳ್ಳುವವನ ಡೈರಿ ಇವತ್ತಿಗೂ ನೆನಪಿನಲ್ಲಿ ಉಳಿದಿರುವುದು ಬೇರೆ ಕಾರಣಕ್ಕೆ. ಅದು ದಿನಚರಿಯಾಗಿಯೇ ಶುರುವಾಗುತ್ತದೆ. ರೋಗ ಏರಿದಂತೆ ಬರೆಯುವವನ ಭಾಷೆಯೇ ಕುಸಿಯುತ್ತಾ ಬಂದು, ಕೊನೆಯಲ್ಲಿ ತುರಿಕೆ, ರುಚಿ ಎಂಬಷ್ಟಕ್ಕೆ ನಿಲ್ಲುತ್ತದೆ. ಅವನಿಗೆ ಏನಾಗುತ್ತಿದೆ ಎಂದು ಅವನಿಗೇ ತಿಳಿದಿಲ್ಲ, ಓದುವವರಿಗೆ ತಿಳಿಯುತ್ತದೆ.

ನಮ್ಮ ಕಟ್ಟಡಕ್ಕೆ ಐದು ಬರಹ ಸಾಕಾದವು. ಗೋಡೆಯ ನಿಯಮದ ಫಲಕ, ರಿಜಿಸ್ಟರ್, ಮಗಳ ಕಾಗದ, ಪಾಳಿ ಬದಲಾಯಿಸುವಾಗ ಇಬ್ಬರೂ ಬರೆಯುವ ಪುಸ್ತಕದ ಒಂದು ಪುಟ, ಮತ್ತೆ ಕಿರಿಯಳು ಬಿಟ್ಟು ಹೋದ ಚೀಟಿ. ಐದಕ್ಕೂ ಇರಲು ಅವುಗಳದೇ ಕಾರಣವಿದೆ.

ಚೀಟಿ ಬರೆಯುವ ಬಗೆ

ಪಾಳಿ ಪುಸ್ತಕದ ಪುಟವನ್ನು ಹತ್ತಿರದಿಂದ ನೋಡೋಣ. ನನ್ನ ಮಟ್ಟಿಗೆ ಇಡೀ ಕಟ್ಟಡವನ್ನು ಹೊತ್ತು ನಿಲ್ಲಿಸಿರುವುದು ಅದೇ.

"ನಿನಗೆ ಜ್ವರ ಅಂದಿದ್ದೆ. ರಾತ್ರಿ ಪಾಳಿ ನಾನೇ ನೋಡಿಕೊಂಡೆ, ಮಲಗು. ಒಂದು, ಎರಡು, ಮೂರಕ್ಕೆ ಎಣ್ಣೆ ಬಿಟ್ಟಿದ್ದೇನೆ. ನಾಲ್ಕನೆಯ ಚಕ್ರದ ತಂಟೆಗೆ ಒಬ್ಬಳೇ ಹೋಗಬೇಡ. ಅದಕ್ಕೆ ಎರಡು ಜೊತೆ ಕೈ ಬೇಕು."

ಕೆಳಗೆ ಬೇರೆ ಕೈಬರಹದಲ್ಲಿ: "ಸರಿ ಸರ್. ಫ್ಲಾಸ್ಕಿನಲ್ಲಿ ಟೀ ಇದೆ."

ಇದು ಪ್ರವಾಹಕ್ಕೆ ಒಂದು ವಾರ ಮೊದಲಿನ ಪುಟ. ದುರಂತದ ಸುಳಿವೇ ಇದರಲ್ಲಿಲ್ಲ. ಆದರೂ ಸದ್ದಿಲ್ಲದೆ ಮೂರು ಕೆಲಸ ಮಾಡುತ್ತದೆ. ಯಾವ ಕೈಬರಹ ಯಾರದು ಎಂದು ತಿಳಿಸುತ್ತದೆ, ಆದ್ದರಿಂದ ರಿಜಿಸ್ಟರಿನಲ್ಲಿ 11.8 ಬರೆದವರು ಯಾರು ಎಂಬುದು ಗೊತ್ತಾಗುತ್ತದೆ. ಹಿರಿಯ ಕೆಟ್ಟವನಲ್ಲ ಎಂಬುದನ್ನು ಮನಸ್ಸಿನಲ್ಲಿ ಊರುತ್ತದೆ. ನಾಲ್ಕನೆಯ ಗೇಟಿಗೆ ಇಬ್ಬರು ಬೇಕು ಎಂಬ ಸಂಗತಿಯನ್ನು ಬಿತ್ತುತ್ತದೆ. ಆಮೇಲೆ ನಾಲ್ಕನೆಯ ಚಕ್ರದ ಬಳಿ ಬಂದಾಗ ಗೇಟ್ ಎತ್ತಿರುವುದು ಕಾಣುತ್ತದೆ. ಚಕ್ರದ ಎರಡು ಬದಿಯಲ್ಲಿ ಕೈಗವಸುಗಳು ಬಿದ್ದಿವೆ, ಒಂದು ಜೊತೆ ದೊಡ್ಡದು, ಇನ್ನೊಂದು ಚಿಕ್ಕದು. ಅಲ್ಲಿ ಕಾಗದ ಇಟ್ಟಿಲ್ಲ. ಇಡಲೂ ಬಾರದು.

ಉದ್ದ ಎಷ್ಟಿರಬೇಕು ಎಂದು ಕೇಳುವವರಿಗೆ ನನ್ನ ಅಳತೆ: ಪರದೆಯಲ್ಲಿ ಕೆಳಕ್ಕೆ ಎಳೆಯದೆ ಒಂದೇ ನೋಟಕ್ಕೆ ಓದಿ ಮುಗಿಯಬೇಕು, ಅಂದರೆ ಕನ್ನಡದಲ್ಲಿ ಮೂವತ್ತು ನಲವತ್ತು ಪದ. ಒಂದು ಚೀಟಿ ಮೇಲುನೋಟಕ್ಕೆ ಒಂದೇ ವಿಷಯ ಮಾತನಾಡಬೇಕು. ಅದರೊಳಗೆ ಹುದುಗಿಸಿದ್ದು ಎಷ್ಟಾದರೂ ಇರಲಿ. ಮಗಳ ಕಾಗದ ಮಗುವಿನ ನಿದ್ದೆಯ ಬಗ್ಗೆ, ಬಸ್ಸಿನ ಹೊತ್ತಿನ ಬಗ್ಗೆ ಮಾತ್ರ ಇದೆ. "ಹಿತ್ತಲ ಮೆಟ್ಟಿಲಿಗೇ ನೀರು ಬಂದಿದೆ ಅಪ್ಪ, ಮಗುವಿಗೆ ನೋಡಿಕೊಂಡು ಕೂರುವುದೇ ಆಟ" ಎಂಬ ಒಂದು ವಾಕ್ಯದಿಂದ ಅವರ ಮನೆ ಎಲ್ಲಿದೆ ಎಂದು ತಿಳಿಯುತ್ತದೆ. "ನೀನು ಗೇಟ್ ಎತ್ತಿದರೆ ನಾವು ಮುಳುಗುತ್ತೇವೆ" ಎಂದು ಅವಳ ಕೈಲಿ ಬರೆಸಿದ್ದರೆ ಎಲ್ಲವೂ ಅಲ್ಲೇ ಮುಗಿದುಹೋಗುತ್ತಿತ್ತು.

ಯಾವ ಕ್ರಮದಲ್ಲಿ ಸಿಕ್ಕರೂ ಕೆಡಬಾರದು

ಕಟ್‌ಸೀನ್‌ನಲ್ಲಿ ಕ್ರಮ ನಿಮ್ಮ ಕೈಯಲ್ಲಿದೆ. ಇಲ್ಲಿ ಇಲ್ಲ. ಮಲಗುವ ಕೋಣೆಗೆ ಮೊದಲು ಹೋದವರು ಮಗಳ ಕಾಗದವನ್ನು ಮೊದಲು ಓದುತ್ತಾರೆ, ಚಕ್ರದ ಕೋಣೆಗೆ ಹೋದವರು ಕೈಗವಸು ಮೊದಲು ನೋಡುತ್ತಾರೆ. ಇಬ್ಬರಿಗೂ ಕೊನೆಗೆ ಅದೇ ಕಥೆ ಸಿಗಬೇಕು. ಸಿಗುವ ದಾರಿ ಮಾತ್ರ ಬೇರೆ: ಒಬ್ಬರಿಗೆ ಕಾರಣ ಮೊದಲು ತಿಳಿದು ತಪ್ಪು ಆಮೇಲೆ ತಿಳಿಯುತ್ತದೆ, ಇನ್ನೊಬ್ಬರು ಮೊದಲು ತಪ್ಪಿಗೆ ಸಿಟ್ಟಾಗಿ ಆಮೇಲೆ ಮೆತ್ತಗಾಗುತ್ತಾರೆ. 2019ರ ಔಟರ್ ವೈಲ್ಡ್ಸ್ ಇದನ್ನು ಒಂದು ಇಡೀ ಸೌರಮಂಡಲದ ಮಟ್ಟಿಗೆ ಮಾಡಿ ತೋರಿಸಿದೆ. ಯಾವ ಗ್ರಹಕ್ಕೆ ಮೊದಲು ಹೋದರೂ ಅಲ್ಲಿನ ಬರಹಗಳು ಅರ್ಥವಾಗುತ್ತವೆ. ಸಿಕ್ಕ ಸುಳಿವುಗಳ ನಡುವಿನ ನಂಟನ್ನು ಆಟಗಾರರ ಬಾಹ್ಯಾಕಾಶ ಹಡಗಿನ ದಾಖಲೆ ನೆನಪಿಟ್ಟುಕೊಳ್ಳುತ್ತದೆ.

ಇದನ್ನು ಕಣ್ಣಂದಾಜಿನಲ್ಲಿ ಬಿಡಬೇಡಿ. ಪ್ರತಿ ಬರಹಕ್ಕೂ, ಪ್ರತಿ ವಸ್ತುವಿಗೂ ಒಂದು ಸಣ್ಣ ದಾಖಲೆ ಇಟ್ಟುಕೊಳ್ಳಿ. ಕಿರಿಯಳ ಚೀಟಿಯದು ಹೀಗಿದೆ:

```json
{
  "id": "note_05",
  "hand": "junior",
  "written_at": "02:20",
  "reveals": ["handle_missing", "junior_checks_gauge"],
  "assumes": []
}
```

ಕಣ್ಣಿಡಬೇಕಾದದ್ದು `assumes` ಮೇಲೆ. ಈ ಚೀಟಿ ಅರ್ಥವಾಗಲು ಮೊದಲೇ ಏನಾದರೂ ತಿಳಿದಿರಬೇಕು ಎಂದಾದರೆ ಅದು ಅಲ್ಲಿ ಬರುತ್ತದೆ. ಅದು ಖಾಲಿ ಇಲ್ಲದಿದ್ದರೆ ಎರಡು ದಾರಿ: ಚೀಟಿಯನ್ನು ತಿದ್ದಿ, ಇಲ್ಲವೇ ಅದನ್ನು ಬೇರೆ ಕಡೆಯಿಂದ ಹೋಗಲಾಗದ ಬಾಗಿಲಿನಾಚೆ ಇಡಿ. ನಾನು ಮೊದಲು ಬರೆದ ಚೀಟಿ "ಮತ್ತೆ ಸುಳ್ಳು ಬರೆದಿದ್ದೀರಿ ಸರ್" ಎಂದಿತ್ತು. ರಿಜಿಸ್ಟರ್ ನೋಡದವರಿಗೆ ಅದು ಒಗಟು, ನೋಡಿದವರಿಗೆ ಅದು ಅವರೇ ಕಂಡುಕೊಂಡದ್ದನ್ನು ಕಿತ್ತುಕೊಳ್ಳುವ ಮಾತು. ಈಗ ಅದರಲ್ಲಿರುವುದು ಇಷ್ಟು: "ಸರ್, ಹಿಡಿಕೆ ಗೂಟದಲ್ಲಿಲ್ಲ. ನಿಮ್ಮ ಹತ್ತಿರ ಇದೆಯೇ? ಅಳತೆ ಒಮ್ಮೆ ನಾನೇ ನೋಡಿ ಬರುತ್ತೇನೆ." ಅವಳ ಅನುಮಾನ "ನಾನೇ" ಎಂಬ ಒಂದು ಪದದಲ್ಲಿ ಕೂತಿದೆ.

ಮುಖ್ಯ ಸಂಗತಿಗಳು ಒಂದೇ ಕಡೆ ಸಿಗುವಂತಿದ್ದರೆ ಅರ್ಧ ಜನ ಅದನ್ನು ದಾಟಿ ಹೋಗುತ್ತಾರೆ. ಟೇಬಲ್‌ಟಾಪ್ ಆಟಗಳ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ ಹೇಳುವ ಮೂರು ಸುಳಿವಿನ ನಿಯಮ ಇಲ್ಲಿಗೂ ಹೊಂದುತ್ತದೆ: ಆಟಗಾರರು ತಲುಪಲೇಬೇಕಾದ ತೀರ್ಮಾನಕ್ಕೆ ಕನಿಷ್ಠ ಮೂರು ಸುಳಿವು ಇರಲಿ. ಹಿರಿಯ ಬೇಕೆಂದೇ ತಡಮಾಡಿದ ಎಂಬುದಕ್ಕೆ ನಮ್ಮಲ್ಲಿ ರಿಜಿಸ್ಟರ್, ಗೂಟ, ಹಾಸಿಗೆಯ ಕಲೆ ಮೂರೂ ಇವೆ. ಆದರೆ ಒಂದೇ ಮಾತನ್ನು ಮೂರು ಚೀಟಿಯಲ್ಲಿ ಬರೆಯುವುದು ಈ ನಿಯಮವಲ್ಲ. ಮೂರೂ ಬೇರೆ ಬೇರೆ ಬಗೆಯ ಗುರುತಾಗಿರಬೇಕು.

ಎಲ್ಲಿ ಇಡಬೇಕು

ಒಂದಕ್ಕೊಂದು ತಾಳೆಯಾಗದ ಎರಡು ಗುರುತುಗಳು ಹತ್ತಿರವಿರಬೇಕು. ರಿಜಿಸ್ಟರ್ ಓದಿ ತಲೆ ಎತ್ತಿದ ಜಾಗದಿಂದಲೇ ಅಳತೆಪಟ್ಟಿ ಕಾಣಬೇಕು. ಅದಕ್ಕಾಗಿ ಮೇಜನ್ನು ಕಿಟಕಿಗೆ ಮುಖ ಮಾಡಿ ಇಟ್ಟೆವು. ಮೊದಲ ಸಲ ಅದು ಗೋಡೆಗೆ ಮುಖ ಮಾಡಿತ್ತು. ಪರೀಕ್ಷೆಗೆ ಕೂತವರು ಅಂಕಿ ಓದಿ ಪುಸ್ತಕ ಮುಚ್ಚಿ ಮುಂದೆ ಹೋದರು, ಕಿಟಕಿ ಬಂದಾಗ ಅಂಕಿ ಮರೆತಿತ್ತು. ಸಂಖ್ಯೆಯ ನೆನಪು ಕೆಲವೇ ಸೆಕೆಂಡುಗಳದ್ದು. ಆಕಾರದ ನೆನಪು ಅದಕ್ಕಿಂತ ಹೆಚ್ಚು ಬಾಳುತ್ತದೆ, ಹಾಗಾಗಿ ಗೂಟವನ್ನೂ ಹಾಸಿಗೆಯನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡಬಹುದು.

ಅಪಾಯವಿರುವ ಜಾಗದಲ್ಲಿ ಓದಲು ಏನೂ ಇಡಬೇಡಿ. ಬೆನ್ನಟ್ಟಿ ಬರುವವರಿದ್ದರೆ ಯಾರೂ ನಿಂತು ಓದುವುದಿಲ್ಲ. ಗುರುತುಗಳು ಕಾಲು ತಾಗಿ ಉರುಳುವಂತಿದ್ದರೂ ತೊಂದರೆ. ನಮ್ಮ ಕೈಗವಸುಗಳು ಭೌತಶಾಸ್ತ್ರಕ್ಕೆ ಒಳಪಟ್ಟ ವಸ್ತುಗಳಾಗಿದ್ದವು, ಆಟಗಾರರು ಚಕ್ರದ ಸುತ್ತ ಒಮ್ಮೆ ಓಡಾಡಿದರೆ ನಾಲ್ಕೂ ಒಂದೇ ಬದಿಗೆ ರಾಶಿಯಾಗುತ್ತಿದ್ದವು. ಎದುರು ಬದುರು ನಿಂತ ಇಬ್ಬರ ಕಥೆ ಅಲ್ಲಿಗೆ ಅಳಿಸಿಹೋಗುತ್ತಿತ್ತು. ಈಗ ಅವು ಅಲುಗುವುದಿಲ್ಲ.

ಇನ್ನೊಂದು ಮಾತು. ಕೈಬರಹವನ್ನು ಚಿತ್ರವಾಗಿ ಅಂಟಿಸಿದರೆ ನೋಡಲು ಚೆನ್ನ, ಆದರೆ ಬೇರೆ ಭಾಷೆಗೆ ತರುವಾಗ ಪ್ರತಿ ಚಿತ್ರವನ್ನೂ ಮತ್ತೆ ಬರೆಯಬೇಕು, ಕಣ್ಣು ಮಂಜಾದವರಿಗೆ ಓದಲೂ ಆಗದು. ಚಿತ್ರದ ಮೇಲೆ ಸ್ಪಷ್ಟ ಅಕ್ಷರದ ಪಠ್ಯ ತೆರೆದುಕೊಳ್ಳುವ ಏರ್ಪಾಡು ಮಾಡಿ. ಹಾಗೆ ಮಾಡಿದಾಗ ಕೈಬರಹದ ವ್ಯತ್ಯಾಸ ಕಳೆದುಹೋಗುತ್ತದೆ. ಅದನ್ನು ಉಳಿಸಲು ಶಾಯಿಯ ಬಣ್ಣವಷ್ಟೇ ಸಾಲದು, ಮಾತಿನ ಧಾಟಿಯೂ ಬೇರೆ ಇರಬೇಕು. ಹಿರಿಯ ಅಪ್ಪಣೆಯ ಧಾಟಿಯಲ್ಲಿ ಬರೆಯುತ್ತಾನೆ, ಕಿರಿಯಳು ಪ್ರಶ್ನೆ ಕೇಳುತ್ತಾಳೆ.

ದನಿ ಬೇಕೇ?

1994ರ ಸಿಸ್ಟಂ ಶಾಕ್ ಆಟದ ಬಾಹ್ಯಾಕಾಶ ನಿಲ್ದಾಣದಲ್ಲಿ ಮಾತಾಡಿಸಲು ಬದುಕಿರುವವರು ಸಿಗುವುದಿಲ್ಲ. ಅವರು ಬಿಟ್ಟುಹೋದ ದಾಖಲೆಗಳಷ್ಟೇ ಸಿಗುತ್ತವೆ, ಸಂಭಾಷಣೆಯ ಮೆನು ಆಟದ ಓಟವನ್ನು ತಡೆಯುವ ಗೋಜೇ ಅಲ್ಲಿಲ್ಲ. ಆಮೇಲೆ ಇಂಥ ದಾಖಲೆಯನ್ನು ದನಿಯಲ್ಲಿ ಕೇಳಿಸುವ ಆಡಿಯೋ ಲಾಗ್ ಎಲ್ಲೆಡೆ ಹಬ್ಬಿತು. ನಡೆಯುತ್ತಲೇ ಕೇಳಬಹುದು ಎಂಬುದು ಅದರ ಲಾಭ. ನಷ್ಟವೆಂದರೆ ನಟಿಸಿದ ದನಿ ಹೇಗೆ ಅನಿಸಬೇಕು ಎಂದು ಮೊದಲೇ ಹೇಳಿಬಿಡುತ್ತದೆ. 2013ರ ಗಾನ್ ಹೋಮ್‌ನಲ್ಲಿ ಎರಡನ್ನೂ ಅಕ್ಕಪಕ್ಕ ನೋಡಬಹುದು. ನಾವು ಆಡುವ ಪಾತ್ರದ ತಂಗಿ ಸ್ಯಾಮ್‌ಳ ಕಥೆ ಅವಳ ದನಿಯಲ್ಲೇ ಕೇಳುತ್ತದೆ. ಆಟ ನಡೆಯುವ ಮನೆಯ ಹಿಂದಿನ ಯಜಮಾನ ಆಸ್ಕರ್‌ನ ಕಥೆಗೆ ದನಿಯೇ ಇಲ್ಲ, ಕಾಗದಪತ್ರ ಮತ್ತು ವಸ್ತುಗಳಿಂದ ನಾವೇ ಕಟ್ಟಿಕೊಳ್ಳಬೇಕು. ಬಹಳಷ್ಟು ಜನ ಅದನ್ನು ಗಮನಿಸದೆ ಆಟ ಮುಗಿಸುತ್ತಾರೆ. ಗಮನಿಸಿದವರು ಅದನ್ನು ಬೇಗ ಮರೆಯುವುದಿಲ್ಲ. ಎಲ್ಲರಿಗೂ ತಲುಪಲೇಬೇಕಾದ ಎಳೆಗೆ ದನಿ ಕೊಡಿ, ಹುಡುಕುವವರಿಗಾಗಿ ಇಟ್ಟ ಎಳೆಯನ್ನು ಮೌನವಾಗಿ ಬಿಡಿ.

ಪರೀಕ್ಷೆ: ಒಂದೇ ಪ್ರಶ್ನೆ

ಆಟ ವಿನ್ಯಾಸಕರಾದ ಹಾರ್ವಿ ಸ್ಮಿತ್ ಮತ್ತು ಮಥಿಯಸ್ ವೋರ್ಚ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಈ ವಿಷಯದ ಮೇಲೆ ಮಾಡಿದ ಭಾಷಣದ ಶೀರ್ಷಿಕೆಯೇ "ಇಲ್ಲಿ ಏನಾಯಿತು?" ಎಂದಿತ್ತು. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಸಿಕ್ಕಿಲ್ಲ. ಆಟದ ಬಗ್ಗೆ ಏನೂ ಗೊತ್ತಿಲ್ಲದ ನಾಲ್ಕೈದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ. ಆಡುವಾಗ ಬಾಯಿ ಬಿಡಬೇಡಿ. ಮುಗಿದ ಮೇಲೆ ಅದೊಂದೇ ಪ್ರಶ್ನೆ ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ.

ಉತ್ತರದ ಧಾಟಿ ಕೇಳಿದರೆ ರೋಗ ಗೊತ್ತಾಗುತ್ತದೆ. "ಆ ಚೀಟಿಯಲ್ಲಿ ಹಾಗೆ ಬರೆದಿತ್ತು" ಎಂದು ಶುರುಮಾಡಿದರೆ ಚೀಟಿ ಅತಿಯಾಗಿ ಹೇಳಿದೆ. "ಏನೋ ಪ್ರವಾಹ ಬಂದಿತ್ತು" ಎಂದಷ್ಟೇ ಹೇಳಿದರೆ ವಸ್ತುಗಳು ಕಣ್ಣಿಗೆ ಬಿದ್ದಿಲ್ಲ. "ಹಾಗಾದರೆ ಅವನು..." ಎಂದು ಅರ್ಧಕ್ಕೆ ನಿಲ್ಲಿಸಿ ಮತ್ತೆ ಯೋಚಿಸತೊಡಗಿದರೆ ಕಟ್ಟಡ ತನ್ನ ಕೆಲಸ ಮಾಡುತ್ತಿದೆ.

ಎಲ್ಲರೂ ಒಂದೇ ತಪ್ಪು ತೀರ್ಮಾನಕ್ಕೆ ಬಂದರೆ ಅದು ಅವರ ತಪ್ಪಲ್ಲ, ಯಾವುದೋ ವಸ್ತು ತಪ್ಪು ಜಾಗದಲ್ಲಿದೆ. ನಮ್ಮ ಮೊದಲ ಪರೀಕ್ಷೆಯಲ್ಲಿ ಐವರಲ್ಲಿ ನಾಲ್ವರು ಹಿಡಿಕೆ ಕದ್ದವಳು ಕಿರಿಯಳೇ ಎಂದರು. ಹುಡುಕುತ್ತಾ ಹೋದಾಗ ಕಾರಣ ಸಿಕ್ಕಿತು: ಎರಡು ಹಾಸಿಗೆಗಳಲ್ಲಿ ಯಾವುದು ಯಾರದು ಎಂದು ಹೇಳುವ ಗುರುತೇ ಇರಲಿಲ್ಲ. ಇನ್ನೊಂದು ಚೀಟಿ ಬರೆಯಬೇಕೆಂದು ಕೈ ತುರಿಸಿತು. ಬರೆಯಲಿಲ್ಲ. ಮೇಜಿನ ಖಾನೆಯಲ್ಲಿದ್ದ ಮಗಳ ಕಾಗದವನ್ನು ತಂದು ಆ ಹಾಸಿಗೆಯ ದಿಂಬಿನ ಕೆಳಗೆ, ತುದಿ ಕಾಣುವಂತೆ ಇಟ್ಟೆವು. ಗ್ರೀಸ್ ಕಲೆಯೂ "ಅಪ್ಪ" ಎಂಬ ಕರೆಯೂ ಒಂದೇ ನೋಟದಲ್ಲಿ ಬಂದವು. ಒಂದು ಪದವನ್ನೂ ಸೇರಿಸದೆ ಕಳ್ಳ ಯಾರು ಎಂಬುದರ ಜೊತೆಗೆ ಕದ್ದದ್ದೇಕೆ ಎಂಬುದೂ ತಿಳಿಯುವಂತಾಯಿತು.

ಆಟಗಾರರ ಊಹೆ ಸರಿಯೋ ತಪ್ಪೋ ಎಂದು ಆಟ ಹೇಳಬೇಕೇ? ಪತ್ತೇದಾರಿಯೇ ಆಟವಾಗಿದ್ದರೆ ಹೇಳಬೇಕು. 2018ರ ರಿಟರ್ನ್ ಆಫ್ ದಿ ಓಬ್ರಾ ಡಿನ್‌ನಲ್ಲಿ 60 ಜನರ ಗತಿಯನ್ನು ಗುರುತಿಸಬೇಕು. ಮೂರು ಉತ್ತರ ಪೂರ್ತಿ ಸರಿಯಾದಾಗ ಮಾತ್ರ ಆಟ ಅವುಗಳನ್ನು ಖಚಿತಪಡಿಸುತ್ತದೆ, ಹಾಗಾಗಿ ಒಂದೊಂದನ್ನೇ ಊಹಿಸಿ ದಾಟಲು ಕಷ್ಟ. ನಮ್ಮಂಥ ಸಣ್ಣ ಕಟ್ಟಡಕ್ಕೆ ಅದು ಬೇಡ. ಅದಕ್ಕೆ ಬದಲು, ತಿಳಿದದ್ದನ್ನು ಬಳಸಿಕೊಳ್ಳಲು ಒಂದು ಜಾಗ ಕೊಡಿ. ಆಚೆ ದಡಕ್ಕೆ ಹೋಗಲು ಆಟಗಾರರು ಆ ನಾಲ್ಕನೆಯ ಗೇಟನ್ನು ಇಳಿಸಬೇಕು. ಒಬ್ಬರೇ ತಿರುಗಿಸಿದರೆ ಚಕ್ರ ಅರ್ಧ ಸುತ್ತಿ ಹಿಂದಕ್ಕೆ ಜಾರುತ್ತದೆ. ಎದುರು ಬದಿಯಲ್ಲೂ ಭಾರ ಬೇಕು ಎಂಬುದನ್ನು ಪಾಳಿ ಪುಸ್ತಕ ಓದಿದವರು ಕೂಡಲೇ ತಿಳಿಯುತ್ತಾರೆ, ಓದದವರೂ ಎರಡು ಸಲ ಜಾರಿದ ಮೇಲೆ ತಿಳಿಯುತ್ತಾರೆ.

ಎರಡನೆಯ ಸುತ್ತಿನ ಪರೀಕ್ಷೆಯಲ್ಲಿ ಒಬ್ಬಾಕೆ ಚಕ್ರ ಹಿಡಿದರು, ಅದು ಜಾರಿತು. ಮತ್ತೆ ಹಿಡಿಯಲಿಲ್ಲ. ಬಗ್ಗಿ ಚಿಕ್ಕ ಕೈಗವಸು ನೋಡಿದರು, ಸುತ್ತಿ ಬಂದು ದೊಡ್ಡದನ್ನು ನೋಡಿದರು. "ಓ, ಬಂದನಾ ಇವನು" ಎಂದರು.